ಶೇ 15 ಮತ್ತು 25.5: ಎರಡೂ ಒಂದೇ ದೇಶದ ಲೆಕ್ಕವೇ?

*ಸಂಪಾದಕರಿಗೆ ನಮಸ್ಕಾರ. ಭಾರತದ ಗಿನಿ ಸೂಚ್ಯಂಕ 25.5, ಸಮಾನತೆಯಲ್ಲಿ ನಾವು ಜಗತ್ತಿಗೇ ನಾಲ್ಕನೆಯವರು ಎಂದು ಒಂದು ಕಡೆ ಓದಿದೆ. ದೇಶದ ಆದಾಯದಲ್ಲಿ ಕೆಳಗಿನ ಅರ್ಧ ಜನರ ಪಾಲು ಶೇ 15 ಮಾತ್ರ ಎಂದು ಇನ್ನೊಂದು ಕಡೆ. ಯಾವುದನ್ನು ನಂಬುವುದು? ಪಿಯುಸಿ ಓದುವ ಮಗಳು ಲಾರೆಂಜ್ ರೇಖೆ ಬರೆದು ತೋರಿಸಿದಳು. ಪುಸ್ತಕದಲ್ಲಿ ಅದು ಕೆಳಕ್ಕೆ ಜೋತುಬಿದ್ದಿದೆ, ಇವಳದು ಮೇಲಕ್ಕೆ ಉಬ್ಬಿದೆ. ನಕಲು ಜೊತೆಗಿಟ್ಟಿದ್ದೇನೆ. ಇದನ್ನು ಓದುವುದು ಹೇಗೆಂದು ತಿಳಿಸಿಕೊಡಿ.*
*— ಓದುಗರೊಬ್ಬರು, ತಿಪಟೂರು*

ಮಗಳ ಚಿತ್ರಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಹತ್ತು ಮನೆಗಳ ಒಂದು ಬೀದಿಯನ್ನು ಕಣ್ಣಮುಂದೆ ತಂದುಕೊಳ್ಳಿ. ತಿಂಗಳ ಆದಾಯದ ಪ್ರಕಾರ ಕಡಿಮೆಯವರಿಂದ ಹೆಚ್ಚಿನವರ ಕಡೆಗೆ ಅವರನ್ನು ಸಾಲಾಗಿ ನಿಲ್ಲಿಸೋಣ. ಸಾವಿರದ ಲೆಕ್ಕದಲ್ಲಿ 4, 6, 8, 10, 12, 14, 16, 20, 30, ಕೊನೆಯ ಮನೆಗೆ 80. ಒಟ್ಟು ಎರಡು ಲಕ್ಷ. ಹೀಗೆ ಬಡವರಿಂದ ಶುರುಮಾಡಿ ಕೂಡುತ್ತಾ ಹೋಗುವ ಉಪಾಯವನ್ನು 1905ರಲ್ಲಿ ಕೊಟ್ಟವರು ಅಮೆರಿಕದ ಮ್ಯಾಕ್ಸ್ ಲಾರೆಂಜ್. ಆಗ ಅವರಿನ್ನೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಮೊದಲ ಮನೆಯ ಪಾಲು ಒಟ್ಟಿನ ಶೇ 2. ಮೊದಲ ಎರಡು ಮನೆ ಸೇರಿದರೆ ಶೇ 5, ಮೂರಕ್ಕೆ 9, ನಾಲ್ಕಕ್ಕೆ 14, ಐದಕ್ಕೆ 20. ಹಾಗೇ ಮುಂದೆ 27, 35, 45, 60, ಕೊನೆಗೆ 100. ಹತ್ತು ಸೆಂಟಿಮೀಟರ್ ಉದ್ದಗಲದ ಗ್ರಾಫ್ ಹಾಳೆ ತೆಗೆದುಕೊಂಡು, ಅಡ್ಡಕ್ಕೆ ಮನೆಗಳನ್ನೂ ಎತ್ತರಕ್ಕೆ ಈ ಕೂಡಿದ ಪಾಲನ್ನೂ ಗುರುತಿಸಿ ಚುಕ್ಕೆಗಳನ್ನು ಜೋಡಿಸಿದರೆ ರೇಖೆ ಸಿದ್ಧ. ಎಲ್ಲರ ಆದಾಯವೂ ಒಂದೇ ಆಗಿದ್ದರೆ ಅದು ಮೂಲೆಯಿಂದ ಮೂಲೆಗೆ ನೇರವಾಗಿ ಹೋಗುವ ಕರ್ಣವಾಗುತ್ತಿತ್ತು. ಹಾಗಿಲ್ಲದ್ದರಿಂದ ಕೆಳಗೆ ಜೋತುಬೀಳುತ್ತದೆ.

ಈಗ ಅಡ್ಡಗೆರೆಯ ನಡುವೆ, ಐದನೇ ಸೆಂಟಿಮೀಟರಿನಲ್ಲಿ ಬೆರಳಿಟ್ಟು ಮೇಲಕ್ಕೆ ಹೋಗಿ. ರೇಖೆ ಸಿಗುವುದು ಎರಡು ಸೆಂಟಿಮೀಟರ್ ಎತ್ತರದಲ್ಲಿ. ಅಂದರೆ ಕೆಳಗಿನ ಅರ್ಧ ಬೀದಿಗೆ ಆದಾಯದ ಶೇ 20. ಇದನ್ನು ‘ಶೇ 20 ಜನ ಬಡವರು’ ಎಂದು ಓದಿದವರನ್ನು ನಾನೇ ನೋಡಿದ್ದೇನೆ, ಅದೂ ಅಚ್ಚಾದ ಲೇಖನದಲ್ಲಿ. ಈ ರೇಖೆಗೆ ಬಡತನದ ಗಡಿ ಎಂಬುದೇ ಗೊತ್ತಿಲ್ಲ. ಬೀದಿಯ ಎಲ್ಲರ ಆದಾಯವೂ ನಾಳೆ ಹತ್ತು ಪಟ್ಟಾದರೂ ಅದು ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅದು ಹೇಳುವುದು ಪಾಲನ್ನು ಮಾತ್ರ. ಪಾಲನ್ನು ಕೈಗೆ ಸಿಗುವ ಮಾತಾಗಿಸಬೇಕಾದರೆ ಇಮ್ಮಡಿಸಿ: ಅರ್ಧ ಜನಕ್ಕೆ ಶೇ 20 ಎಂದರೆ ಅವರ ಸರಾಸರಿ ಆದಾಯ ಇಡೀ ಬೀದಿಯ ಸರಾಸರಿಯ ಶೇ 40. ಬೀದಿಯ ಸರಾಸರಿ 20 ಸಾವಿರ, ಕೆಳಗಿನ ಐವರದು 8 ಸಾವಿರ. ಸರಿಹೋಯಿತಲ್ಲ?

ರೇಖೆಯ ಏರನ್ನೂ ನೋಡುವುದುಂಟು. ಐದನೇ ಮನೆಯನ್ನು ದಾಟುವಾಗ ರೇಖೆ 14ರಿಂದ 20ಕ್ಕೆ, ಹತ್ತು ಹೆಜ್ಜೆಗೆ ಆರರಷ್ಟು ಏರುತ್ತದೆ. ಆ ಮನೆಯ ಆದಾಯ ಸರಾಸರಿಯ ಹತ್ತರಲ್ಲಿ ಆರು ಪಾಲು ಎಂದು ಅರ್ಥ. ರೇಖೆ ಎಲ್ಲಿ ಕರ್ಣಕ್ಕೆ ಸಮಾನಾಂತರವಾಗುತ್ತದೋ ಅಲ್ಲಿ ಸರಾಸರಿ ಆದಾಯದವರು ಇದ್ದಾರೆ. ನಮ್ಮ ಬೀದಿಯಲ್ಲಿ ಅದು ಎಂಟನೇ ಮನೆ. ಹತ್ತರಲ್ಲಿ ಏಳು ಮನೆ ‘ಸರಾಸರಿ’ಗಿಂತ ಕೆಳಗಿವೆ.

ಸೂಚ್ಯಂಕ ಬಂದದ್ದು ಆಮೇಲೆ. ಇಟಲಿಯ ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಅಳತೆ ಅದು. ಕರ್ಣಕ್ಕೂ ರೇಖೆಗೂ ನಡುವೆ ಎಷ್ಟು ಜಾಗವಿದೆಯೋ ಅದನ್ನು ಕರ್ಣದ ಕೆಳಗಿನ ಇಡೀ ತ್ರಿಕೋನದಿಂದ ಭಾಗಿಸಬೇಕು. ನಮ್ಮ ಹಾಳೆಯಲ್ಲಿ ತ್ರಿಕೋನ 50 ಚದರ ಸೆಂಟಿಮೀಟರ್. ನಡುವಿನ ಜಾಗ 23.3. ಹಾಗಾಗಿ ಗಿನಿ 0.466. ಕೆಲವರು ಇದನ್ನೇ ನೂರರ ಲೆಕ್ಕದಲ್ಲಿ 46.6 ಎನ್ನುತ್ತಾರೆ. ನೀವು ಓದಿದ 25.5 ಆ ಬಗೆಯದು.

ಇಲ್ಲಿ ಒಂದು ತೊಡಕಿದೆ. ಪಕ್ಕದ ಬೀದಿಗೆ ಹೋಗೋಣ. ಅಲ್ಲಿನ ಹತ್ತು ಮನೆಗಳ ಆದಾಯ 2, 2, 4, 4, 8, 24, 32, 36, 44, 44 ಸಾವಿರ. ಇಲ್ಲೂ ಒಟ್ಟು ಎರಡು ಲಕ್ಷ. ಮೇಲಿನ ಅರ್ಧ ಹೆಚ್ಚುಕಡಿಮೆ ಸರಿಸಮ, ಕೆಳಗಿನ ಅರ್ಧ ನೆಲಕಚ್ಚಿದೆ. ಗಿನಿ ತೆಗೆದರೆ ಇಲ್ಲೂ 0.466, ಮೂರನೇ ದಶಾಂಶದವರೆಗೆ ಅದೇ. ಆದರೆ ಕೆಳಗಿನ ಐದು ಮನೆಗಳ ಪಾಲು ಶೇ 10, ಮೊದಲ ಬೀದಿಯ ಅರ್ಧ. ಎರಡು ರೇಖೆಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಆರನೇ ಮತ್ತು ಏಳನೇ ಮನೆಗಳ ನಡುವೆ ಒಂದನ್ನೊಂದು ದಾಟುತ್ತವೆ. ದಾಟದೆ ಒಂದು ಪೂರ್ತಿ ಇನ್ನೊಂದರ ಕೆಳಗಿದ್ದರೆ ಯಾವುದರಲ್ಲಿ ಅಸಮಾನತೆ ಹೆಚ್ಚು ಎಂಬುದಕ್ಕೆ ತಕರಾರಿಲ್ಲ. ದಾಟಿದಾಗ ಮಾತ್ರ, ನಿಮಗೆ ತಳದವರ ಚಿಂತೆಯೋ ತುದಿಯವರ ಚಿಂತೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸೂಚ್ಯಂಕವನ್ನೊಂದೇ ಅಚ್ಚುಮಾಡುವ ಸುದ್ದಿಗಳು ನನಗೆ ಹಿಡಿಸದಿರುವುದು ಇದಕ್ಕೇ.

ಇನ್ನು ನಿಮ್ಮ ಎರಡು ಅಂಕಿಗಳು. ಅವೆರಡೂ ಒಂದೇ ರೇಖೆಯವೇ ಎಂದು ಪರೀಕ್ಷಿಸಲು ಅಡಿಪಟ್ಟಿ ಸಾಕು. ಹಾಳೆಯ ನಡುವೆ 1.5 ಸೆಂಟಿಮೀಟರ್ ಎತ್ತರದಲ್ಲಿ ಒಂದು ಚುಕ್ಕೆ ಇಡಿ, ಅದು ನಿಮ್ಮ ಶೇ 15. ಆ ಚುಕ್ಕೆಯಿಂದ ಎರಡು ಮೂಲೆಗಳಿಗೂ ನೇರ ಗೆರೆ ಎಳೆಯಿರಿ. ಮನೆಗಳನ್ನು ಬಡವರಿಂದ ಜೋಡಿಸಿರುವುದರಿಂದ ಪ್ರತಿ ಹೆಜ್ಜೆಯ ಏರೂ ಹಿಂದಿನದಕ್ಕಿಂತ ಕಡಿಮೆಯಾಗುವಂತಿಲ್ಲ. ಆದ್ದರಿಂದ ನಿಜವಾದ ರೇಖೆ ಈ ಗೆರೆಗಳ ಮೇಲೇ ಇರಬಹುದು ಅಥವಾ ಕೆಳಗಿರಬಹುದು, ಮೇಲಕ್ಕಂತೂ ಹೋಗಲಾರದು. ಕರ್ಣಕ್ಕೂ ಈ ಗೆರೆಗಳಿಗೂ ನಡುವಿನ ತ್ರಿಕೋನ ಅಳೆದರೆ 17.5 ಚದರ ಸೆಂಟಿಮೀಟರ್. 50ರಿಂದ ಭಾಗಿಸಿದರೆ 0.35. ಅಂದರೆ ಕೆಳಗಿನ ಅರ್ಧದ ಪಾಲು ಶೇ 15 ಆಗಿರುವ ಯಾವ ದೇಶದಲ್ಲೂ ಗಿನಿ 35ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ. ಬಾಯಿಲೆಕ್ಕ ಸುಲಭ: 50ರಲ್ಲಿ ಆ ಪಾಲನ್ನು ಕಳೆಯಿರಿ, ಗಿನಿ ಅದಕ್ಕಿಂತ ಕೆಳಗಿಳಿಯದು. ತಿರುಗಿಸಿ ಹೇಳಿದರೆ, ಗಿನಿ 25.5 ಇರುವಲ್ಲಿ ಕೆಳಗಿನ ಅರ್ಧಕ್ಕೆ ಕನಿಷ್ಠ ಶೇ 24.5 ಸಿಕ್ಕಿರಲೇಬೇಕು.

ಹೀಗಾಗಿ ನೀವು ಓದಿದ ಎರಡು ಸುದ್ದಿಗಳು ಎರಡು ಬೇರೆ ವಸ್ತುಗಳನ್ನು ಅಳೆದಿವೆ. 25.5 ಎಂಬುದು ವಿಶ್ವಬ್ಯಾಂಕ್ ಕೊಟ್ಟ 2022-23ರ ಅಂಕಿ. ಅದು ಮನೆವಾರು ಬಳಕೆ ವೆಚ್ಚದ ಸಮೀಕ್ಷೆಯಿಂದ ಬಂದದ್ದು. ಜನ ಖರ್ಚು ಮಾಡಿದ್ದರ ಲೆಕ್ಕ, ಗಳಿಸಿದ್ದರದಲ್ಲ. ಶೇ 15 ಎಂಬುದು ಪ್ಯಾರಿಸ್‌ನ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ 2024ರಲ್ಲಿ ಪ್ರಕಟಿಸಿದ, ಅದೇ 2022-23ರ ಆದಾಯದ ಅಂದಾಜು. ಅದರಲ್ಲಿ ಮೇಲಿನ ಶೇ 1 ಜನರ ಪಾಲು ಶೇ 22.6.

ಖರ್ಚಿಗೂ ಗಳಿಕೆಗೂ ಅಷ್ಟು ಅಂತರವೇ ಎಂದು ನೀವು ಕೇಳಬಹುದು. ನಮ್ಮ ಮೊದಲ ಬೀದಿಗೇ ವಾಪಸಾಗೋಣ. 4 ಸಾವಿರ ದುಡಿಯುವವರು ಅಂಗಡಿಯಲ್ಲಿ ಸಾಲ ಬರೆಸಿ, ಸಂಘದಲ್ಲಿ ಕೈಗಡ ತೆಗೆದು 6 ಸಾವಿರ ಖರ್ಚು ಮಾಡುತ್ತಾರೆ. 80 ಸಾವಿರದ ಮನೆಯವರು ಎಷ್ಟೆಂದು ತಿನ್ನುತ್ತಾರೆ, ಉಡುತ್ತಾರೆ? 33 ಸಾವಿರ ಖರ್ಚಾಗಿ ಉಳಿದದ್ದು ಠೇವಣಿಗೋ ಸೈಟಿಗೋ ಹೋಗುತ್ತದೆ. ಹತ್ತೂ ಮನೆಗಳ ಖರ್ಚು 6, 7, 8, 10, 11, 13, 14, 16, 22, 33 ಎಂದಿಟ್ಟುಕೊಳ್ಳಿ. ಕೆಳಗಿನ ಅರ್ಧದ ಪಾಲು ಶೇ 20ರಿಂದ ಶೇ 30ಕ್ಕೆ ಏರಿತು, ಗಿನಿ 0.466ರಿಂದ 0.287ಕ್ಕೆ ಇಳಿಯಿತು. ಬೀದಿ ಅದೇ, ಜನ ಅವರೇ. ಬಡವರ ಸಾಲ ಇಲ್ಲಿ ಸಮಾನತೆಯ ವೇಷ ಹಾಕಿಕೊಂಡು ಬಂತು.

ಇನ್ನೊಂದು ಕಾರಣ ಬಾಗಿಲಿನದು. ಸಮೀಕ್ಷೆಯವರು ವಠಾರದ ಮನೆಗೆ ಹೋದರೆ ಕೂರಿಸಿ ಕಾಫಿ ಕೊಟ್ಟು ಉತ್ತರ ಹೇಳುತ್ತಾರೆ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಸೆಕ್ಯುರಿಟಿಯನ್ನು ದಾಟುವುದೇ ಕಷ್ಟ. ಮೊದಲ ಬೀದಿಯ ಆದಾಯದ ಲೆಕ್ಕದಲ್ಲಿ ಕೊನೆಯ ಆ 80 ಸಾವಿರದ ಮನೆ ಒಂದೇ ಬಾಗಿಲು ತೆಗೆಯಲಿಲ್ಲ ಎನ್ನಿ. ಉಳಿದ ಒಂಬತ್ತು ಮನೆಗಳ ಗಿನಿ 0.307 ಆಗಿಬಿಡುತ್ತದೆ. ತಳದ 4 ಸಾವಿರದ ಮನೆ ತಪ್ಪಿಹೋಗಿದ್ದರೆ ಇಷ್ಟು ವ್ಯತ್ಯಾಸ ಆಗುತ್ತಿರಲಿಲ್ಲ. ಲ್ಯಾಬಿನವರು ಆದಾಯ ತೆರಿಗೆಯ ಅಂಕಿಗಳನ್ನು ಸೇರಿಸಿದ್ದು ಈ ಕಳೆದುಹೋದ ತುದಿಯನ್ನು ಹಿಡಿಯಲೆಂದೇ. ಆದರೆ ತೆರಿಗೆ ಲೆಕ್ಕ ಕೊಡುವವರು ನಮ್ಮಲ್ಲಿ ಕೆಲವೇ ಜನ. ಅವರ ಕೆಳಗಿರುವ ಬಹುಪಾಲು ಜನರ ಆದಾಯವನ್ನು ಅವರೂ ಖರ್ಚಿನ ಸಮೀಕ್ಷೆಯಿಂದಲೇ, ಉಳಿತಾಯ ಇಷ್ಟಿರಬಹುದೆಂದು ಊಹಿಸಿ ಕಟ್ಟಬೇಕಾಯಿತು. ಆ ಶೇ 15ರಲ್ಲೂ ಅಂದಾಜಿನ ಅಂಶ ಸಾಕಷ್ಟಿದೆ. ನನ್ನನ್ನು ಕೇಳಿದರೆ ಆದಾಯದ ಪ್ರಶ್ನೆಗೆ ಅದೇ ಸತ್ಯಕ್ಕೆ ಹತ್ತಿರ, ಆದರೆ 15ರ ಮುಂದೆ ‘ಸುಮಾರು’ ಎಂದು ಸೇರಿಸಿ ಓದುತ್ತೇನೆ.

‘ನಾಲ್ಕನೆಯವರು’ ಎಂಬ ಮಾತು 2025ರ ಜುಲೈನ ಸರ್ಕಾರಿ ಪ್ರಕಟಣೆಯದು. ಆ ಪಟ್ಟಿಯಲ್ಲಿ ನಮ್ಮ ಮೇಲಿರುವ ಸ್ಲೊವಾಕಿಯಾದ ಅಂಕಿ, ಬಹಳ ಕೆಳಗಿರುವ ಅಮೆರಿಕದ ಅಂಕಿ ಎರಡೂ ಆದಾಯದವು. ನಮ್ಮದು ಖರ್ಚಿನದು. ಸೇರಿನಲ್ಲಿ ಅಳೆದದ್ದನ್ನೂ ಕಿಲೋದಲ್ಲಿ ತೂಗಿದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬಹುಮಾನ ಹಂಚಿದ ಹಾಗಾಯಿತು. 2011-12ರಲ್ಲಿ 28.8 ಇದ್ದದ್ದು 25.5ಕ್ಕೆ ಇಳಿಯಿತು ಎಂಬುದನ್ನೂ ನಿಧಾನವಾಗಿ ಒಪ್ಪಬೇಕು. ಮೊದಲು ಒಂದೇ ಸಲ ಮನೆಗೆ ಹೋಗಿ ಎಲ್ಲ ಪ್ರಶ್ನೆ ಕೇಳುತ್ತಿದ್ದರು, 2022-23ರಲ್ಲಿ ಪ್ರಶ್ನೆಗಳನ್ನು ಹಂಚಿ ಮೂರು ಸಲ ಹೋದರು. ಇಳಿಕೆಯಲ್ಲಿ ಎಷ್ಟು ಜನರ ಬದುಕಿನದು, ಎಷ್ಟು ಕೇಳುವ ಕ್ರಮದ್ದು ಎಂದು ಬಿಡಿಸುವುದು ಸುಲಭವಲ್ಲ.

ಈಗ ಮಗಳ ಚಿತ್ರ. ಕೂಡಿದ್ದು ಸರಿಯಾಗಿದೆ, ಚುಕ್ಕೆಗಳೂ ಸರಿ. ಅವಳು ಸಾಲು ನಿಲ್ಲಿಸುವಾಗ ಶ್ರೀಮಂತರಿಂದ ಶುರುಮಾಡಿದ್ದಾಳೆ, ಅಷ್ಟೇ. ಅದಕ್ಕೇ ರೇಖೆ ಮೊದಲು ಸರ್ರನೆ ಏರಿ ಆಮೇಲೆ ಮಲಗಿದೆ. ನಡುವೆ ಬೆರಳಿಟ್ಟರೆ ಅಲ್ಲಿ ಸಿಗುವುದು ಮೇಲಿನ ಅರ್ಧದ ಪಾಲು, ನೂರರಲ್ಲಿ ಕಳೆದರೆ ಕೆಳಗಿನವರದು. ಅಳಿಸಿ ಮತ್ತೆ ಬರೆಯಬೇಕಿಲ್ಲ. ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ ಹಿಡಿಯಲು ಹೇಳಿ, ಪುಸ್ತಕದ ರೇಖೆಯೇ ಕಾಣುತ್ತದೆ. ಕರ್ಣಕ್ಕೂ ರೇಖೆಗೂ ನಡುವಿನ ಜಾಗ ಬದಲಾಗದ್ದರಿಂದ ಅವಳು ಲೆಕ್ಕ ಹಾಕಿದ ಗಿನಿಯನ್ನೂ ತಿದ್ದುವಂತಿಲ್ಲ.

— ಸಂ.