ಫಿಲ್ಲಿಂಗ್ ಆದಮೇಲೆ ಅಗಿದರೆ ನೋವು

"ಕಾಸರಗೋಡಲ್ಲಿ ದವಡೆ ಹಲ್ಲಿಗೆ ಫಿಲ್ಲಿಂಗ್ ಮಾಡಿಸಿ 10 ದಿನ ಆಯ್ತು. ತಣ್ಣೀರಿಗೆ ಜುಮ್ ಅನ್ನುತ್ತೆ, ಹಲಸಿನ ಹಪ್ಪಳ ಕಚ್ಚಿದರೂ ನೋವು. ಕಾಯಲಾ?"

ಜುಮ್ ಅನ್ನೋದು ಕೆಲವೇ ಸೆಕೆಂಡಿನಲ್ಲಿ ನಿಂತರೆ ಕಾಯಬಹುದು. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಇಳಿಯುತ್ತದೆ.

ಕಚ್ಚುವಾಗಿನ ನೋವಿಗೆ ಮಾತ್ರ ಸುಮ್ನೆ ಕಾಯಬೇಡಿ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತದೆಯಾ ನೋಡಿ. ಹಾಗಿದ್ದರೆ ಫಿಲ್ಲಿಂಗ್ ತುಸು ಎತ್ತರವಾಗಿ ಉಳಿದಿರಬಹುದು. ಫಿಲ್ಲಿಂಗ್ ಮಾಡುವಾಗ ಮರಗಟ್ಟಿದ ಬಾಯಲ್ಲಿ ಅದು ಗೊತ್ತಾಗಲ್ಲ, ಅಲ್ವಾ? ಒಂದೇ ಹಲ್ಲಿಗೆ ಜಾಸ್ತಿ ಭಾರ ಬಿದ್ದು ಬೇರಿನ ಸುತ್ತ ನೋಯುತ್ತದೆ. ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ, ಗುರುತು ಗಾಢವಾಗಿ ಬಿದ್ದಲ್ಲಿ ಸ್ವಲ್ಪ ತೇಯುತ್ತಾರೆ. ದವಡೆಯನ್ನು ಪಕ್ಕಕ್ಕೆ ಜಾರಿಸಿಯೂ ನೋಡಲು ಹೇಳಿ. ಆಮೇಲೆ ಕೆಲವು ದಿನದಲ್ಲಿ ನೋವು ಹೋಗುತ್ತದೆ.

ತಣ್ಣೀರಿನ ನೋವು ನಿಮಿಷಗಟ್ಟಲೆ ಉಳಿದರೆ, ಅಥವಾ ರಾತ್ರಿ ತಾನಾಗಿ ಶುರುವಾದರೆ, ಒಳಗಿನ ನರಕ್ಕೆ ಪೆಟ್ಟಾಗಿರಬಹುದು. ಆಗ ತಡ ಮಾಡದೆ ತೋರಿಸಿ.