ಚೌಕಿಯ ವಿಡಿಯೋದಲ್ಲಿ ಕಪ್ಪು ಪಟ್ಟೆ: 1/60 ಬೇಡ, 1/50 ಇಡಿ

"ಯಕ್ಷಗಾನದ ಚೌಕಿಯಲ್ಲಿ ಮುಖವರ್ಣಿಕೆ ಹಚ್ಚುವುದನ್ನು ಫೋನಿನ ಪ್ರೊ ಮೋಡ್‌ನಲ್ಲಿ ತೆಗೆದೆ. 30 ಎಫ್‌ಪಿಎಸ್, ಶಟರ್ 1/60. ಟ್ಯೂಬ್‌ಲೈಟ್ ಬೆಳಕು. ಕಣ್ಣಿಗೆ ಏನೂ ಗೊತ್ತಾಗಲಿಲ್ಲ, ವಿಡಿಯೋದಲ್ಲಿ ಮಾತ್ರ ಕಪ್ಪು ಪಟ್ಟೆ ಹರಿಯುತ್ತಿದೆ. ಫೋನ್ ಕೆಟ್ಟಿದೆಯಾ?"

ಫೋನ್ ಚೆನ್ನಾಗಿಯೇ ಇದೆ. ಶಟರನ್ನು 1/50ಕ್ಕೆ ತನ್ನಿ, ಎಫ್‌ಪಿಎಸ್ 30 ಹಾಗೇ ಇರಲಿ. ಚೌಕಿಯ ಪಟ್ಟೆ ಹೋಗುತ್ತದೆ.

ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಡಿಮೆ ಬೆಲೆಯ ಎಲ್‌ಇಡಿ ಬಲ್ಬ್‌ಗಳೂ ಬಹಳಷ್ಟು ಹಾಗೇ. ಅಂದರೆ ಒಂದು ಮಿಡಿತಕ್ಕೆ 10 ಮಿಲಿಸೆಕೆಂಡ್. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವುದಿಲ್ಲ, ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. 1/60 ಅಂದರೆ ಸುಮಾರು 16.7 ಮಿಲಿಸೆಕೆಂಡ್. ಅದರಲ್ಲಿ ಒಂದು ಪೂರ್ತಿ ಮಿಡಿತ, ಇನ್ನೊಂದರ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಭಾಗ ಸಿಗುತ್ತದೆ. ಆ ಅರೆಬರೆ ಭಾಗ ಕೆಲವು ಸಾಲುಗಳಿಗೆ ಬೆಳಕಿನದು, ಕೆಲವಕ್ಕೆ ಮಂಕಿನದು. ಅದೇ ನಿಮ್ಮ ಪಟ್ಟೆ. 1/50ರಲ್ಲಿ ಪ್ರತಿ ಸಾಲಿಗೂ ಸರಿಯಾಗಿ ಎರಡು ಮಿಡಿತ, 1/100ರಲ್ಲಿ ಸರಿಯಾಗಿ ಒಂದು. ಎಲ್ಲ ಸಾಲಿಗೂ ಸಮ ಪಾಲು ಸಿಕ್ಕ ಮೇಲೆ ಪಟ್ಟೆ ಎಲ್ಲಿಂದ ಬರಬೇಕು?

ಮೇಲೆ ಒಬ್ಬರು "ಎಫ್‌ಪಿಎಸ್‌ನ ಡಬಲ್ ಶಟರ್ ಇಡಬೇಕು, 30ಕ್ಕೆ 1/60" ಎಂದಿದ್ದಾರೆ. ಹಗಲು ಬೆಳಕಿನಲ್ಲಿ ಅದು ಒಳ್ಳೆಯ ಲೆಕ್ಕವೇ, ಚಲನೆ ಹಿತವಾಗಿ ಕಾಣುತ್ತದೆ. ಆದರೆ ಟ್ಯೂಬ್‌ಲೈಟ್ ಕೆಳಗೆ ಮೊದಲು ಕರೆಂಟಿನ ಲೆಕ್ಕ, ಆಮೇಲೆ ಎಫ್‌ಪಿಎಸ್ ಲೆಕ್ಕ. 1/60ಕ್ಕೂ 1/50ಕ್ಕೂ ಚಲನೆಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಅವರೇ 25 ಎಫ್‌ಪಿಎಸ್‌ಗೆ ಬದಲಾಯಿಸಿ ಎಂದೂ ಹೇಳಿದ್ದಾರಲ್ವಾ, ಅದರಲ್ಲೂ ಶಟರ್ 1/60 ಬಿಟ್ಟರೆ ಪಟ್ಟೆ ಹೋಗುವುದಿಲ್ಲ. ಹರಿಯುವುದು ನಿಂತು, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುತ್ತದೆ ಅಷ್ಟೆ.

ಅಮೆರಿಕದಲ್ಲಿರುವ ಅಕ್ಕ "ನನಗೆ 1/60ರಲ್ಲಿ ಯಾವತ್ತೂ ಪಟ್ಟೆ ಬಂದಿಲ್ಲ" ಎಂದಿರುವುದೂ ನಿಜ. ಅಲ್ಲಿ ಕರೆಂಟು 60 ಹರ್ಟ್ಸ್, ಬೆಳಕು ಸೆಕೆಂಡಿಗೆ 120 ಸಲ ಮಿಡಿಯುತ್ತದೆ, 1/60 ಅಲ್ಲಿಗೆ ಸರಿ ಹೊಂದುತ್ತದೆ. ಊರಿಗೆ ಬಂದಾಗ ಅವರೂ 1/50 ಇಡಬೇಕು.

ರಂಗಸ್ಥಳದಲ್ಲಿ ಇನ್ನೊಂದು ತೊಂದರೆ ಬರುತ್ತದೆ. ದೊಡ್ಡ ಎಲ್‌ಇಡಿ ಫ್ಲಡ್‌ಲೈಟ್ ಹಾಕಿದಾಗ 1/50ರಲ್ಲಿ ಮುಖ ಬೆಳ್ಳಗೆ ಸುಟ್ಟಂತೆ ಆಗಬಹುದು. ಫೋನಿನಲ್ಲಿ ಅಪರ್ಚರ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹಾಗಾಗಿ ಮೊದಲು ಐಎಸ್‌ಒ ಪೂರ್ತಿ ಇಳಿಸಿ. ಸಾಲದಿದ್ದರೆ 1/100ಕ್ಕೆ ಹೋಗಿ, ಧೀಂಗಿಣ ಹಾಕುವಾಗ ಅದೇ ವಾಸಿ, ಕೈಕಾಲು ಕಲಸಿಹೋಗುವುದು ಕಡಿಮೆ. ಆಗಲೂ ಜಾಸ್ತಿ ಬೆಳಕಾದರೆ ಎನ್‌ಡಿ ಫಿಲ್ಟರ್ ಸಿಕ್ಕಿಸಿ. 1/125, 1/200ಕ್ಕೆ ಮಾತ್ರ ಹೋಗಬೇಡಿ. ಆಟೋ ಮೋಡ್ ಮಾಡುವ ಕೆಲಸ ಎಷ್ಟೋ ಸಲ ಇದೇ. ಬೆಳಕು ಹೆಚ್ಚಾದ ಕೂಡಲೇ ಶಟರ್ ಏರಿಸುತ್ತದೆ, ಪಟ್ಟೆ ಬರುತ್ತದೆ.

ಆಟ ಶುರುವಾಗುವ ಮೊದಲು ದೀಪಗಳನ್ನು ಒಮ್ಮೆ ಪರೀಕ್ಷೆ ಮಾಡಿ. ಬೇಕೆಂದೇ ಶಟರ್ 1/1000 ಇಟ್ಟು, ಒಂದೊಂದೇ ದೀಪ ಬೀಳುವ ಬಿಳಿ ಗೋಡೆ ಅಥವಾ ಪರದೆಗೆ ಫೋನ್ ಹಿಡಿಯಿರಿ. ಪಟ್ಟೆಯೇ ಬರದಿದ್ದರೆ ಆ ದೀಪದ ಡ್ರೈವರ್ ಚೆನ್ನಾಗಿದೆ, ಯಾವ ಶಟರ್ ಆದರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್‌ಲೈಟ್ ಸಾಮಾನ್ಯವಾಗಿ ಹೀಗೇ. ದಪ್ಪನೆಯ ಎರಡು ಮೂರು ಪಟ್ಟೆ ಬಂದರೆ ಅದು ಕರೆಂಟಿನ ಮಿಡಿತ, 1/50ಕ್ಕೆ ಬಗ್ಗುತ್ತದೆ. ತೆಳ್ಳನೆಯ ಗೆರೆಗಳು ಒತ್ತೊತ್ತಾಗಿ ಬಂದರೆ ಅದು ಡಿಮ್ಮರ್ ಕೆಲಸ. ಲೈಟಿನವರಿಗೆ ಹೇಳಿ ಆ ದೀಪವನ್ನು ಪೂರ್ತಿ ಪ್ರಕಾಶಕ್ಕೆ ಏರಿಸಿ, ಬೇಕಾದರೆ ದೂರ ಇಡಿಸಿ. ಎಷ್ಟೋ ದೀಪಗಳಲ್ಲಿ ಗೆರೆ ಅಲ್ಲಿಗೇ ನಿಲ್ಲುತ್ತದೆ.

ಬಯಲಾಟ ಜನರೇಟರ್ ಮೇಲೆ ನಡೆಯುತ್ತಿದ್ದರೆ 1/50 ಇಟ್ಟರೂ ತೆಳುವಾದ ಪಟ್ಟೆ ನಿಧಾನಕ್ಕೆ ಜಾರುವುದನ್ನು ನೋಡಬಹುದು. ಲೋಡ್ ಕಡಿಮೆ ಇದ್ದಾಗ ಎಂಜಿನ್ ಸ್ವಲ್ಪ ಜೋರಾಗಿ ಓಡಿ 51, 52 ಹರ್ಟ್ಸ್ ಕೊಡುತ್ತದೆ. ಶಟರನ್ನು 1/102, 1/104 ಎಂದು ಸಣ್ಣ ಹೆಜ್ಜೆಯಲ್ಲಿ ಬದಲಾಯಿಸಲು ಬರುವ ಕ್ಯಾಮೆರಾ ಇದ್ದರೆ, ಪರದೆ ನೋಡುತ್ತಾ ಪಟ್ಟೆ ಅಳಿಯುವ ತನಕ ತಿರುಗಿಸಿ.

ಧೀಂಗಿಣವನ್ನು 120 ಎಫ್‌ಪಿಎಸ್ ಸ್ಲೋ ಮೋಷನ್‌ನಲ್ಲಿ ಬೇಕು ಎಂದು ಕೇಳಿದ ತಮ್ಮನಿಗೆ: ನಿನ್ನದು ಬೇರೆಯೇ ಪ್ರಶ್ನೆ. 120ರಲ್ಲಿ ಒಂದು ಫ್ರೇಮಿಗೆ ಸಿಗುವುದೇ 8.3 ಮಿಲಿಸೆಕೆಂಡ್, ಒಂದು ಪೂರ್ತಿ ಮಿಡಿತವೂ ಅದರಲ್ಲಿ ಹಿಡಿಯುವುದಿಲ್ಲ. ಸೆಟ್ಟಿಂಗ್‌ನಲ್ಲಿ ಇದಕ್ಕೆ ಮದ್ದಿಲ್ಲ. ದೀಪವನ್ನೇ ಬದಲಾಯಿಸಬೇಕು. 1/1000 ಪರೀಕ್ಷೆಯಲ್ಲಿ ಪಾಸಾದ ಎಲ್‌ಇಡಿ ಆಗಬಹುದು, ಹ್ಯಾಲೊಜೆನ್ ಆದರೂ ಮಿಡಿತ ತುಂಬಾ ಕಡಿಮೆ. ಇಲ್ಲದಿದ್ದರೆ 50 ಎಫ್‌ಪಿಎಸ್, ಶಟರ್ 1/100ರಲ್ಲಿ ತೆಗೆದು ಅರ್ಧ ವೇಗಕ್ಕೆ ಇಳಿಸು.

ಈಗಾಗಲೇ ತೆಗೆದಿರುವ ಚೌಕಿಯ ವಿಡಿಯೋಗೆ ಎಡಿಟಿಂಗ್‌ನಲ್ಲಿ ಡಿಫ್ಲಿಕರ್ ಹಾಕಿ ನೋಡಿ. ಪಟ್ಟೆ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಮುಖದ ಮೇಲೆ ಹರಿದದ್ದು ಪೂರ್ತಿ ಹೋಗುವುದು ಕಷ್ಟ. ರಂಗಸ್ಥಳದ ಬಣ್ಣದ ದೀಪ ಯಾವುದು ಎಂದು ನೀವು ಬರೆದಿಲ್ಲ. 1/1000ರಲ್ಲಿ ತೆಗೆದ ಒಂದು ತುಣುಕು ಇಲ್ಲಿ ಹಾಕಿದರೆ ಪಟ್ಟೆ ನೋಡಿ ಹೇಳುತ್ತೇನೆ.