ಫಾರ್ಮ್ ಕಟ್ಟಿದ ಮೇಲೂ ಡಿಟೆನ್ಷನ್ ಆಗುತ್ತದೆಯೇ?

ಪ್ರಶ್ನೆ: ಆಳಂದದಿಂದ ದಿನಾ ಬಸ್ಸಿಗೆ ಕಲಬುರಗಿಗೆ ಬಂದು ಬಿ.ಎಸ್ಸಿ. ಮೂರನೇ ಸೆಮಿಸ್ಟರ್ ಓದ್ತಿದ್ದೀನ್ರಿ. ಕೆಮಿಸ್ಟ್ರಿಯಲ್ಲಿ ನವೆಂಬರ್ 22ರ ತನಕ 40 ಕ್ಲಾಸ್ ಆಗ್ಯಾವ, ನಾನು 27ಕ್ಕೆ ಹಾಜರಿದ್ದೀನಿ. ವಾರಕ್ಕ ನಾಲ್ಕು ಕ್ಲಾಸ್: ಸೋಮ, ಬುಧ, ಗುರು, ಶನಿ. ಎರಡನೇ ಇಂಟರ್ನಲ್ ಡಿಸೆಂಬರ್ 3ರಿಂದ 5, ಕೊನೆಯ ಕಾರ್ಯದಿನ ಡಿಸೆಂಬರ್ 20 ಅಂತ ಕ್ಯಾಲೆಂಡರ್‌ದಾಗ ಅದ. ಪರೀಕ್ಷಾ ಫಾರ್ಮ್ ದಂಡ ಇಲ್ಲದೆ ನವೆಂಬರ್ 29, ದಂಡ ಸಹಿತ ಡಿಸೆಂಬರ್ 6. "ಶಾರ್ಟೇಜ್ ಇದ್ದವರು ಈಗ ಫೀ ಕಟ್ಟಬ್ಯಾಡ್ರಿ, ಲಿಸ್ಟ್ ನೋಡಿ ದಂಡ ಕೊಟ್ಟು ಹಾಕಿದ್ರಾಯ್ತು" ಅಂತಾರ ಗೆಳೆಯರು. ಏನು ಮಾಡ್ಲಿ?

ಉತ್ತರ: ನವೆಂಬರ್ 29ರೊಳಗೇ ಫಾರ್ಮ್ ತುಂಬಿ ಫೀ ಕಟ್ಟಿ. ಗೆಳೆಯರ ಸಲಹೆ ಎಲ್ಲಿ ತಪ್ಪುತ್ತದೆ ಎಂಬುದು ನೀವು ಬರೆದ ತಾರೀಕುಗಳಲ್ಲೇ ಇದೆ. ದಂಡ ಸಹಿತ ಗಡುವು ಡಿಸೆಂಬರ್ 6ಕ್ಕೆ ಮುಗಿಯುತ್ತದೆ, ಆದರೆ ಹಾಜರಾತಿಯ ಲೆಕ್ಕ ಮುಚ್ಚುವುದು ಕೊನೆಯ ಕಾರ್ಯದಿನವಾದ ಡಿಸೆಂಬರ್ 20ಕ್ಕೆ. ಅಂತಿಮ ಡಿಟೆನ್ಷನ್ ಪಟ್ಟಿ ಬರುವುದು ಅದರ ನಂತರ. ಪಟ್ಟಿ ನೋಡಿಕೊಂಡು ಫಾರ್ಮ್ ತುಂಬಬೇಕೆಂದರೆ ಅಷ್ಟರಲ್ಲಿ ಫಾರ್ಮ್ ಮುಚ್ಚಿ ಎರಡು ವಾರವಾಗಿರುತ್ತದೆ. ಮಧ್ಯೆ ನೋಟಿಸ್ ಬೋರ್ಡಿಗೆ ಹಚ್ಚುವ ಶಾರ್ಟೇಜ್ ಪಟ್ಟಿ ಎಚ್ಚರಿಕೆ ಮಾತ್ರ, ಅದು ತೀರ್ಪಲ್ಲ.

ಫಾರ್ಮ್ ಬೇರೆ, ಅರ್ಹತೆ ಬೇರೆ. ಫೀ ಸ್ವೀಕಾರವಾಯಿತೆಂದರೆ ನಿಮ್ಮ ಅರ್ಜಿ ದಾಖಲಾಯಿತು ಎಂದಷ್ಟೇ ಅರ್ಥ. ಹಾಜರಾತಿ ಸಾಲದಿದ್ದರೆ ಆಮೇಲೂ ಪ್ರವೇಶಪತ್ರ ತಡೆಯಬಹುದು, ಕಟ್ಟಿದ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅಷ್ಟು ನಷ್ಟಕ್ಕೆ ತಯಾರಾಗಿಯೇ ಕಟ್ಟಿ. ಫಾರ್ಮ್ ಇಲ್ಲದೆ ಹಾಜರಾತಿ ಮಾತ್ರ ಸರಿಹೋದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಇನ್ನು ದಂಡ ಎಂಬುದು ಫಾರ್ಮ್ ತಡವಾದದ್ದಕ್ಕೆ ಮಾತ್ರ. ದಂಡ ಕಟ್ಟಿದರೆ ಶಾರ್ಟೇಜೂ ಮಾಫ್ ಎಂಬುದು ಕ್ಯಾಂಟೀನಿನ ಮಾತು.

ಈಗ ಹಾಜರಾತಿಗೆ ಬರೋಣ. ಪದವಿ ಕೋರ್ಸುಗಳ ನಿಯಮದಂತೆ ಪ್ರತಿಯೊಂದು ವಿಷಯದಲ್ಲೂ 75 ಪ್ರತಿಶತ ಬೇಕು. ಎಲ್ಲ ವಿಷಯ ಕೂಡಿಸಿ ಸರಾಸರಿ ತೆಗೆದರೆ ನಡೆಯದು. ನಿಮ್ಮದು ಸದ್ಯ 67.5. ಇದನ್ನು ಅಳೆಯಲು ಒಂದು ಸುಲಭ ದಾರಿಯಿದೆ: ನೀವು ತಪ್ಪಿಸಿದ ಕ್ಲಾಸುಗಳನ್ನು ನಾಲ್ಕರಿಂದ ಗುಣಿಸಿ. ಸೆಮಿಸ್ಟರ್ ಮುಗಿಯುವಾಗ ನಡೆದ ಒಟ್ಟು ಕ್ಲಾಸು ಆ ಸಂಖ್ಯೆಗಿಂತ ಕಡಿಮೆ ಇರಕೂಡದು. ನೀವು ತಪ್ಪಿಸಿದ್ದು 13, ಅಂದರೆ ಒಟ್ಟು ಕನಿಷ್ಠ 52 ಕ್ಲಾಸ್ ನಡೆಯಬೇಕು. 40 ಆಗಿವೆ, ಇನ್ನೂ 12 ನಡೆಯಬೇಕು, ಹನ್ನೆರಡಕ್ಕೂ ನೀವಿರಬೇಕು. ಆಗ 39/52, ಸರಿಯಾಗಿ 75.

ಕ್ಯಾಲೆಂಡರ್ ಪ್ರಕಾರ ನವೆಂಬರ್ 24ರಿಂದ ಡಿಸೆಂಬರ್ 20ರ ತನಕ ನಾಲ್ಕು ವಾರ, 16 ಕ್ಲಾಸ್. ಅಷ್ಟೂ ನಡೆದರೆ ಒಟ್ಟು 56, ನೀವು ಇನ್ನೊಂದನ್ನು ತಪ್ಪಿಸಿದರೂ 42/56 ಆಗಿ ಪಾರಾಗುತ್ತೀರಿ. ಆದರೆ ಅಷ್ಟೂ ನಡೆಯುವುದಿಲ್ಲ. ಇಂಟರ್ನಲ್ ಇರುವ ಡಿಸೆಂಬರ್ 3 ಬುಧವಾರ, 4 ಗುರುವಾರ. ಎರಡೂ ನಿಮ್ಮ ಕೆಮಿಸ್ಟ್ರಿ ದಿನ. ಉಳಿದದ್ದು 14, ಒಟ್ಟು 54. ಇಲ್ಲಿ ಒಂದೇ ಒಂದು ತಪ್ಪಿಸಿದರೂ 40/54, ಅಂದರೆ 74ರ ಆಸುಪಾಸು. ಆ ಮೇಲೆ ಕಾಲೇಜಿನ ಕಾರ್ಯಕ್ರಮ, ಮೇಷ್ಟ್ರ ರಜೆ, ಏನಾದರೊಂದಕ್ಕೆ ಇನ್ನೂ ಮೂರು ಕ್ಲಾಸ್ ಹೋದವು ಅನ್ನಿ. ಉಳಿಯುವುದು 11. ಎಲ್ಲಕ್ಕೂ ಕೂತರೂ 38/51, ಅಂದರೆ 74.5. ನೀವು ಏನೂ ತಪ್ಪು ಮಾಡದೆಯೂ ಪಟ್ಟಿಗೆ ಸೇರಿದಿರಿ.

ಹಿಂದೆ ಬಿದ್ದ ವಿದ್ಯಾರ್ಥಿಗೆ ಕ್ಲಾಸ್ ರದ್ದಾದರೆ ಖುಷಿಪಡುವ ಹಾಗಿಲ್ಲ ಎನ್ನುವುದು ಇದಕ್ಕೇ. ಸಮ ಸೆಮಿಸ್ಟರಿನಲ್ಲಿ ಹೋಳಿ, ಅದರ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ ಬಂದಾಗ ಕಲಬುರಗಿಯಲ್ಲಿ ಇದೇ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಈ ವಾರವೇ ಕೆಮಿಸ್ಟ್ರಿ ಮೇಷ್ಟ್ರನ್ನು ಎರಡು ಮಾತು ಕೇಳಿ: ಇಂಟರ್ನಲ್ ದಿನಗಳ ಹಾಜರಿ ಕ್ಲಾಸಿನ ಲೆಕ್ಕಕ್ಕೆ ಸೇರುತ್ತದೆಯೇ, ಸಿಲೆಬಸ್ ಮುಗಿಸಲು ಹೆಚ್ಚುವರಿ ಕ್ಲಾಸ್ ಇಟ್ಟರೆ ಅದನ್ನು ಹಾಜರಿ ಪುಸ್ತಕಕ್ಕೆ ಏರಿಸುತ್ತಾರೆಯೇ. ಏರಿಸುವುದಾದರೆ ಆ ಕ್ಲಾಸುಗಳೇ ನಿಮ್ಮನ್ನು 52 ದಾಟಿಸುತ್ತವೆ.

ಎರಡನೇ ಇಂಟರ್ನಲ್ ಮಾತ್ರ ಬಿಡಬೇಡಿ. ಮರುಪರೀಕ್ಷೆಯ ದಿನ ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅದು ವಿಭಾಗದ ಕೈಯಲ್ಲಿರುತ್ತದೆ. ಅಂಕ ಆನ್‌ಲೈನ್‌ಗೆ ಏರಿಸುವ ಅವಧಿ ಮುಗಿದರೆ ಮೇಷ್ಟ್ರಿಗೆ ಮನಸ್ಸಿದ್ದರೂ ಸೇರಿಸಲು ದಾರಿಯಿರುವುದಿಲ್ಲ.

ಪಟ್ಟಿಯಲ್ಲಿ ಹೆಸರು ಕಂಡರೆ ಮೊದಲು ನೋಡಬೇಕಾದದ್ದು ಶೇಕಡಾ ಅಂಕಿಯಲ್ಲ, "ನಡೆದದ್ದು" ಮತ್ತು "ಹಾಜರಾದದ್ದು" ಎಂಬ ಎರಡು ಕಾಲಂ. ತಪ್ಪುಗಳು ಅಲ್ಲೇ ಅಡಗಿರುತ್ತವೆ. ಒಂದೇ ವಿಷಯದ ಥಿಯರಿ ಮತ್ತು ಪ್ರಾಕ್ಟಿಕಲ್ ಕೂಡಿಹೋಗಿರಬಹುದು, ನಿಮ್ಮ ಬ್ಯಾಚಿನ ಬದಲು ಇನ್ನೊಂದು ಬ್ಯಾಚಿನ ಒಟ್ಟು ಕ್ಲಾಸ್ ಬಿದ್ದಿರಬಹುದು, ಎನ್‌ಎಸ್‌ಎಸ್ ಶಿಬಿರಕ್ಕೋ ಕ್ರೀಡೆಗೋ ಹೋದ ದಿನಗಳ ಪತ್ರ ಕಚೇರಿಯಲ್ಲೇ ಉಳಿದಿರಬಹುದು. ಆಕ್ಷೇಪಣೆಗೆ ಕೊಡುವ ಸಮಯ ಕಡಿಮೆ. ಅದಕ್ಕೇ ಇಂದಿನಿಂದಲೇ ಪ್ರತಿ ಕ್ಲಾಸಿನ ತಾರೀಕು, ಹಾಜರಿ ಬರೆದಿಡಿ. ಬಾಯಿಮಾತಿನ ತಕರಾರಿಗಿಂತ ತಾರೀಕು ಹಚ್ಚಿ ಪ್ರಾಂಶುಪಾಲರಿಗೆ ಕೊಟ್ಟ ಅರ್ಜಿಗೆ ತೂಕ ಹೆಚ್ಚು, ಅದರ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಫೇಲಾಗುವುದು ಮತ್ತು ಡಿಟೇನ್ ಆಗುವುದು ಒಂದೇ ಅಲ್ಲ. ಫೇಲಾದವರು ಮುಂದೆ ಫೀ ಕಟ್ಟಿ ಪರೀಕ್ಷೆ ಮಾತ್ರ ಬರೆದರೆ ಸಾಕು. ಡಿಟೇನ್ ಆದವರು ಸಾಮಾನ್ಯವಾಗಿ ಆ ವಿಷಯ ಮತ್ತೆ ನಡೆಯುವಾಗ ಕ್ಲಾಸಿಗೆ ಕೂತು ಹಾಜರಿ ಪೂರೈಸಬೇಕು, ಮೂರನೇ ಸೆಮಿಸ್ಟರ್ ಮತ್ತೆ ಬರುವುದು ವರ್ಷದ ಮೇಲೆ.

ಫಾರ್ಮ್ ವಿಷಯದಲ್ಲಿ ಇನ್ನೆರಡು ಮಾತು. ಯುಯುಸಿಎಂಎಸ್‌ನಲ್ಲಿ ತುಂಬುವಾಗ ಹಿಂದಿನ ಸೆಮಿಸ್ಟರಿನ ಬಾಕಿ ಪತ್ರಿಕೆ ಇದ್ದರೆ ಅದೂ ಸೇರಿದೆಯೇ ನೋಡಿ. ಕೊನೆಯ ದಿನದ ಸಂಜೆಗೆ ಬಿಡಬೇಡಿ. ಖಾತೆಯಿಂದ ದುಡ್ಡು ಹೋಗಿ ಪರದೆಯಲ್ಲಿ "ಪೆಂಡಿಂಗ್" ಎಂದೇ ನಿಂತರೆ ಅದು ಕಟ್ಟಿದಂತಲ್ಲ. ಗಡುವಿಗೆ ಎರಡು ದಿನ ಇರುವಾಗ ಹೀಗಾದರೆ ವಹಿವಾಟು ಸಂಖ್ಯೆ ಇಟ್ಟುಕೊಂಡು ಮರುದಿನ ಸ್ಥಿತಿ ನೋಡಬಹುದು, ಗಡುವಿನ ರಾತ್ರಿಯಾದರೆ ಎರಡು ಸಲ ಕಟ್ಟುವುದೋ ದಂಡಕ್ಕೆ ಬೀಳುವುದೋ ಎಂಬ ಪೇಚು. ಕಟ್ಟಿದ ಮೇಲೆ ಅರ್ಜಿಯ ಪ್ರತಿ ತೆಗೆದು ಕಾಲೇಜು ಕಚೇರಿಯಲ್ಲಿ ತೋರಿಸಿ, ಅವರ ಕಡೆಯಿಂದ ಅನುಮೋದನೆ ಬಾಕಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ವಾಟ್ಸಾಪಿನಲ್ಲಿ ಬರುವ ಸುತ್ತೋಲೆಯ ತಲೆಬರಹವನ್ನೂ ಓದಿ. ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದಡಿ ಇದ್ದ ಯಾದಗಿರಿಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ, ಬೀದರಿನವು ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿವೆ. ಶಹಾಪುರದ ಗೆಳೆಯ ಕಳಿಸಿದ ಗಡುವು ನಿಮ್ಮದಲ್ಲ. ಗಡುವು ಮುಂದೂಡಿದ ಸುತ್ತೋಲೆಯೂ ಅಷ್ಟೇ: ನಿಮ್ಮ ವಿಶ್ವವಿದ್ಯಾಲಯ, ನಿಮ್ಮ ಕೋರ್ಸ್, ನಿಮ್ಮ ಸೆಮಿಸ್ಟರ್ ಮೂರೂ ಅದರಲ್ಲಿ ಕಾಣಬೇಕು. ಎಂಜಿನಿಯರಿಂಗ್ ಓದುವವರಿಗೆ ವಿಟಿಯು ಲೆಕ್ಕವೇ ಬೇರೆ. ಅಲ್ಲಿ 85 ಪ್ರತಿಶತ ಬೇಕು, ಸಕಾರಣವಿದ್ದರೆ 10 ಪ್ರತಿಶತದವರೆಗೆ ವಿನಾಯಿತಿ ಸಿಗಬಹುದು. 2022ರ ಸ್ಕೀಮಿನಲ್ಲಿ ಇಂಟರ್ನಲ್‌ಗೆ 50ರಲ್ಲಿ 20 ಬರದಿದ್ದರೆ ಹಾಜರಾತಿ ಪೂರ್ತಿ ಇದ್ದರೂ ಸೆಮಿಸ್ಟರ್ ಪರೀಕ್ಷೆಗೆ ಕೂರಿಸುವುದಿಲ್ಲ.